ಜ್ವಾಲಾಮುಖಿ ಮಾಡಿದ್ದನ್ನು ನಾವು ಮಾಡಬಹುದೇ?

ಪತ್ರ: ಸಂಪಾದಕರೇ, 1991ರಲ್ಲಿ ಫಿಲಿಪ್ಪೀನ್ಸ್‌ನ ಒಂದು ಜ್ವಾಲಾಮುಖಿ ಸಿಡಿದು ಇಡೀ ಭೂಮಿ ಅರ್ಧ ಡಿಗ್ರಿ ತಣ್ಣಗಾಯಿತಂತೆ. ವಿಮಾನದಲ್ಲಿ ಗಂಧಕ ಒಯ್ದು ಮೇಲೆ ಬಿಟ್ಟರೆ ನಾವೂ ಹಾಗೇ ಮಾಡಬಹುದು, ಖರ್ಚೂ ಕಮ್ಮಿ ಅಂತ ಓದಿದೆ. ಮತ್ತೆ ವಿಜ್ಞಾನಿಗಳು ಯಾಕೆ ಹಿಂದೆಮುಂದೆ ನೋಡುತ್ತಿದ್ದಾರೆ? ಸುಮ್ನೆ ಭಯವೋ, ನಿಜವಾದ ಕಾರಣ ಇದೆಯೋ?
— ಒಬ್ಬ ಓದುಗ

ಸಂಪಾದಕರ ಉತ್ತರ:

ನಮಸ್ಕಾರ. ನೀವು ಓದಿದ್ದರಲ್ಲಿ ಸುಳ್ಳೇನೂ ಇಲ್ಲ. ಭೂಮಿ ತಣ್ಣಗಾಗಿದ್ದು ನಿಜ, ಖರ್ಚು ಕಮ್ಮಿ ಅನ್ನುವುದೂ ಬಹುಮಟ್ಟಿಗೆ ನಿಜ. ಹಿಂಜರಿಕೆಗೆ ಕಾರಣವೂ ಅದೇ ಜ್ವಾಲಾಮುಖಿಯ ಕತೆಯೊಳಗೇ ಇದೆ. ಅದರ ಹೆಸರು ಪಿನಾಟುಬೋ.

1991ರ ಜೂನ್ 15ರಂದು ಅದು ಸಿಡಿದಾಗ ಬೂದಿ ಮತ್ತು ಅನಿಲದ ಕಂಬ 30 ಕಿಲೋಮೀಟರಿಗೂ ಮೇಲೆ ಹೋಯಿತು. ಅದರ ಜೊತೆ ಸುಮಾರು 1.5ರಿಂದ 2 ಕೋಟಿ ಟನ್ ಸಲ್ಫರ್ ಡೈಆಕ್ಸೈಡ್ ಸ್ಟ್ರಾಟೋಸ್ಫಿಯರ್ ಸೇರಿತು. ಮೋಡ, ಮಳೆ ಎಲ್ಲ ಇರುವ ಕೆಳಗಿನ ಪದರದ ಮೇಲೆ ಇರುವ ಒಣ, ಶಾಂತ ಪದರ ಅದು. ಅಲ್ಲಿ ಆ ಅನಿಲ ಕೆಲವು ವಾರಗಳಲ್ಲಿ ಗಂಧಕಾಮ್ಲದ ಸಣ್ಣ ಸಣ್ಣ ಹನಿಗಳಾಗಿ ಬದಲಾಯಿತು. ಕೆಳಗಿನ ಪದರದಲ್ಲಾಗಿದ್ದರೆ ಮಳೆ ಅವುಗಳನ್ನು ಒಂದು ವಾರದಲ್ಲೇ ತೊಳೆದುಬಿಡುತ್ತಿತ್ತು. ಮೇಲೆ ಮಳೆಯೇ ಇಲ್ಲ. ಹಾಗಾಗಿ ಹನಿಗಳು ಭೂಮಿಯ ಸುತ್ತ ಹರಡಿ, ಒಂದೆರಡು ವರ್ಷ ಬಿಸಿಲಿನ ಒಂದು ಪಾಲನ್ನು ಹಿಂದಕ್ಕೆ ಕಳಿಸುತ್ತಲೇ ಇದ್ದವು. 1992ರಲ್ಲಿ ಜಗತ್ತಿನ ಸರಾಸರಿ ತಾಪಮಾನ ಸುಮಾರು ಅರ್ಧ ಡಿಗ್ರಿ ಇಳಿಯಿತು.

ಇದನ್ನೇ ಮನುಷ್ಯರೂ ಮಾಡಬಹುದಲ್ಲ ಎಂಬ ಯೋಚನೆ ಪಿನಾಟುಬೋಗಿಂತ ಹಳೆಯದು. ಸೋವಿಯತ್ ಹವಾಮಾನ ವಿಜ್ಞಾನಿ ಮಿಖಾಯಿಲ್ ಬುಡಿಕೋ 1970ರ ದಶಕದಲ್ಲೇ ಹೇಳಿದ್ದರು. ಆದರೆ ಇದನ್ನು ಗಂಭೀರ ಚರ್ಚೆಗೆ ತಂದದ್ದು 2006ರಲ್ಲಿ ಪಾಲ್ ಕ್ರುಟ್ಜನ್ ಬರೆದ ಲೇಖನ. ಓಝೋನ್ ಸಂಶೋಧನೆಗೆ ನೊಬೆಲ್ ಪಡೆದವರು ಅವರು. ಕಾರ್ಬನ್ ಹೊಗೆ ಇಳಿಸುವ ಕೆಲಸ ಎಲ್ಲೂ ಸರಿಯಾಗಿ ನಡೆಯುತ್ತಿಲ್ಲ ಎಂಬ ಹತಾಶೆಯಲ್ಲಿ ಬರೆದಿದ್ದರು. ಹೊಗೆ ಇಳಿಸುವುದರ ಬದಲಿಗೆ ಇದು ಎಂದು ಅವರು ಹೇಳಿರಲಿಲ್ಲ.

ಖರ್ಚಿನ ವಿಷಯ ಮೊದಲು ಮುಗಿಸಿಬಿಡುತ್ತೇನೆ. 2018ರಲ್ಲಿ ಇಬ್ಬರು ಸಂಶೋಧಕರು ಹಾಕಿದ ಲೆಕ್ಕದಂತೆ, ಮೊದಲ 15 ವರ್ಷ ಸರಾಸರಿ ವರ್ಷಕ್ಕೆ ಸುಮಾರು 225 ಕೋಟಿ ಡಾಲರ್ ಸಾಕು. ಭಾರ ಹೊತ್ತು 20 ಕಿಲೋಮೀಟರ್ ಎತ್ತರಕ್ಕೆ ಹೋಗುವ ವಿಮಾನ ಈಗ ಇಲ್ಲ, ಹೊಸದಾಗಿ ಕಟ್ಟಬೇಕು. ಅದಕ್ಕೆ ಬೇಕಾದ ತಂತ್ರಜ್ಞಾನ ನಮಗೆ ಗೊತ್ತಿರುವಂಥದ್ದೇ. ಇಷ್ಟು ದುಡ್ಡು ಒಂದು ಮಧ್ಯಮ ಗಾತ್ರದ ದೇಶಕ್ಕೂ ಭಾರವಲ್ಲ. ಎಲ್ಲರ ಒಪ್ಪಿಗೆ ಇಲ್ಲದೆ ಒಂದೇ ದೇಶ ಶುರು ಮಾಡಿಬಿಡಬಹುದು ಎಂಬುದೇ ಹಲವರ ಮೊದಲ ಆತಂಕ.

ಈಗ ವಿಜ್ಞಾನಕ್ಕೆ ಬರೋಣ. ಪಿನಾಟುಬೋ ಸಿಡಿದದ್ದು ಒಮ್ಮೆ. ಒಂದೆರಡು ವರ್ಷದಲ್ಲಿ ಹನಿಗಳು ಕೆಳಗಿಳಿದವು, ತಂಪು ಮುಗಿಯಿತು. ಭೂಮಿಯನ್ನು ತಂಪಾಗಿಯೇ ಇಡಬೇಕಾದರೆ ಪ್ರತಿ ವರ್ಷ, ಬಿಡದೆ ಗಂಧಕ ಒಯ್ಯುತ್ತಿರಬೇಕು. ಆಗ ಸಿಡಿತದಲ್ಲಿ ಅಷ್ಟಾಗಿ ಕಾಡದ ಒಂದು ತೊಂದರೆ ಎದುರಾಗುತ್ತದೆ. ಬೆಳಕನ್ನು ಚೆನ್ನಾಗಿ ಚದುರಿಸಲು ಹನಿ ಬಹಳ ಸಣ್ಣದಿರಬೇಕು, ಅಡ್ಡಳತೆ ಸುಮಾರು ಅರ್ಧ ಮೈಕ್ರಾನ್. ತಲೆಕೂದಲಿನ ದಪ್ಪದ ನೂರರಲ್ಲೊಂದು ಪಾಲು ಅಂದುಕೊಳ್ಳಿ. ಮೇಲೆ ಆಗಲೇ ಹನಿಗಳು ತುಂಬಿರುವಾಗ ಹೊಸ ಗಂಧಕ ಬಂದರೆ ಅದರ ದೊಡ್ಡ ಪಾಲು ಹಳೆಯ ಹನಿಗಳ ಮೇಲೇ ಕೂರುತ್ತದೆ. ಹನಿಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಕೂಡಿಕೊಳ್ಳುತ್ತವೆ. ದಪ್ಪಗಾದ ಹನಿ, ಅದೇ ತೂಕದ ಗಂಧಕಕ್ಕೆ, ಕಮ್ಮಿ ಬೆಳಕು ಹಿಂದಿರುಗಿಸುತ್ತದೆ ಮತ್ತು ಬೇಗ ಕೆಳಗಿಳಿಯುತ್ತದೆ. ಹಾಗಾಗಿ ಎರಡು ಪಟ್ಟು ಗಂಧಕ ಹಾಕಿದರೆ ಎರಡು ಪಟ್ಟು ತಂಪು ಸಿಗುವುದಿಲ್ಲ. ಜಾಸ್ತಿ ತಂಪು ಬೇಕೆಂದಷ್ಟೂ ಪ್ರತಿ ಡಿಗ್ರಿಗೆ ತೆರಬೇಕಾದ ಗಂಧಕ ಏರುತ್ತ ಹೋಗುತ್ತದೆ.

ಇದು ಲೆಕ್ಕದ ತೊಂದರೆ. ನನಗೆ ಹೆಚ್ಚು ಕಳವಳ ತರುವುದು ಮಳೆ.

ಕಾರ್ಬನ್ ಡೈಆಕ್ಸೈಡ್ ಹಗಲೂ ರಾತ್ರಿ, ಬೇಸಿಗೆ ಚಳಿಗಾಲ ಎನ್ನದೆ ಶಾಖವನ್ನು ಹಿಡಿದಿಡುತ್ತದೆ. ಗಂಧಕದ ತೆರೆ ಕೆಲಸ ಮಾಡುವುದು ಬಿಸಿಲಿದ್ದಾಗ ಮಾತ್ರ. ಎರಡೂ ಒಂದನ್ನೊಂದು ಅಳಿಸಿಹಾಕುವುದಿಲ್ಲ. ನೆಲಕ್ಕೆ ಬೀಳುವ ಬಿಸಿಲು ಕಮ್ಮಿಯಾದರೆ ಸಮುದ್ರದಿಂದ, ಮಣ್ಣಿನಿಂದ ಆವಿಯಾಗುವ ನೀರೂ ಕಮ್ಮಿ. ಆವಿ ಕಮ್ಮಿಯಾದರೆ ಮಳೆ ಕಮ್ಮಿ. ಕಾರ್ಬನ್‌ನಿಂದಾದ ಕಾವನ್ನು ಪೂರ್ತಿ ಇಳಿಸುವಷ್ಟು ಬಿಸಿಲನ್ನು ತಡೆದರೆ, ತಾಪಮಾನ ಹಳೆಯ ಮಟ್ಟಕ್ಕೆ ಬಂದರೂ ಜಗತ್ತಿನ ಒಟ್ಟು ಮಳೆ ಹಳೆಯ ಮಟ್ಟಕ್ಕಿಂತ ಕೆಳಗೆ ಹೋಗುತ್ತದೆ. ಹವಾಮಾನ ಮಾದರಿಗಳು ಒಮ್ಮತದಿಂದ ಹೇಳುವ ಮಾತು ಇದು. ಪಿನಾಟುಬೋ ಸಿಡಿದ ಮುಂದಿನ ವರ್ಷವೂ ಇದೇ ಆಯಿತು. ನದಿಗಳು ಸಮುದ್ರಕ್ಕೆ ಒಯ್ಯುವ ನೀರಿನ ದಾಖಲೆಗಳನ್ನು ಕೆವಿನ್ ಟ್ರೆನ್‌ಬರ್ತ್ ಮತ್ತು ಐಗುವೊ ದಾಯ್ 2007ರಲ್ಲಿ ಪರಿಶೀಲಿಸಿದರು. 1991ರ ಅಕ್ಟೋಬರಿನಿಂದ ಒಂದು ವರ್ಷ ನೆಲದ ಮೇಲಿನ ಮಳೆಯೂ ನದಿಯ ನೀರೂ ಎದ್ದುಕಾಣುವಷ್ಟು ಇಳಿದಿದ್ದವು.

ಗಂಧಕವನ್ನು ಎಲ್ಲಿ ಬಿಡುತ್ತೇವೆ ಎಂಬುದರ ಮೇಲೂ ಮಳೆ ನಿಂತಿದೆ. ಸಹಾರಾ ಮರುಭೂಮಿಯ ದಕ್ಷಿಣಕ್ಕೆ ಸಾಹೆಲ್ ಎಂಬ ಪಟ್ಟಿ ಇದೆ. ಅಲ್ಲಿನ ಜನ ನಂಬಿರುವುದು ಬೇಸಿಗೆಯಲ್ಲಿ ಉತ್ತರಕ್ಕೆ ಸರಿದು ಬರುವ ಉಷ್ಣವಲಯದ ಮಳೆಪಟ್ಟಿಯನ್ನು. ಭೂಮಿಯ ಯಾವ ಅರ್ಧ ಹೆಚ್ಚು ಬೆಚ್ಚಗಿದೆಯೋ ಆ ಕಡೆಗೆ ಈ ಪಟ್ಟಿ ವಾಲುತ್ತದೆ. ಉತ್ತರಾರ್ಧದ ಮೇಲೆ ಮಾತ್ರ ಗಂಧಕದ ತೆರೆ ಬಿದ್ದರೆ ಆ ಅರ್ಧ ತಣ್ಣಗಾಗಿ ಪಟ್ಟಿ ದಕ್ಷಿಣಕ್ಕೆ ಸರಿಯುತ್ತದೆ, ಸಾಹೆಲ್‌ಗೆ ಮಳೆ ತಪ್ಪುತ್ತದೆ. ಜಿಮ್ ಹೇವುಡ್ ಮತ್ತು ಸಂಗಡಿಗರು 2013ರಲ್ಲಿ ತೋರಿಸಿದ್ದು ಇದನ್ನೇ. 1900ರಿಂದ 2010ರವರೆಗಿನ ದಾಖಲೆಯಲ್ಲಿ ಸಾಹೆಲ್ ಕಂಡ ನಾಲ್ಕು ಅತಿ ಒಣ ಬೇಸಿಗೆಗಳಲ್ಲಿ ಮೂರು, ಉತ್ತರಾರ್ಧದ ದೊಡ್ಡ ಸಿಡಿತಗಳ ಬೆನ್ನಲ್ಲೇ ಬಂದಿದ್ದವು. ಅಂಥ ಸಿಡಿತಗಳಲ್ಲಿ ಒಂದು ಅಲಾಸ್ಕಾದ ಕಾಟ್ಮೈ, 1912. ಇನ್ನೊಂದು ಮೆಕ್ಸಿಕೋದ ಎಲ್ ಚಿಚೋನ್, 1982. ಅವರ ಮಾದರಿಯಲ್ಲಿ ಗಂಧಕವನ್ನು ದಕ್ಷಿಣಾರ್ಧದಲ್ಲಿ ಬಿಟ್ಟಾಗ ಸಾಹೆಲ್ ಹಸಿರಾಯಿತು. ಉತ್ತರದಲ್ಲಿ ಬಿಟ್ಟಾಗ ಬರ ಬಂತು. ಅಂದರೆ ವಿಮಾನ ಯಾವ ಅಕ್ಷಾಂಶದಿಂದ ಹೊರಡಬೇಕು ಎಂದು ಯಾರೋ ಒಂದು ಕೋಣೆಯಲ್ಲಿ ಕುಳಿತು ತೀರ್ಮಾನಿಸಿದರೆ, ಲಕ್ಷಾಂತರ ಜನರ ಬೆಳೆ ಅದರ ಮೇಲೆ ನಿಲ್ಲುತ್ತದೆ. ಎರಡೂ ಅರ್ಧಗಳಲ್ಲಿ ಸಮತೋಲದಿಂದ ಬಿಟ್ಟು, ಪ್ರತಿ ವರ್ಷ ಅಳೆದು ಸರಿಪಡಿಸುತ್ತ ಹೋದರೆ ಈ ಕೆಟ್ಟ ಪರಿಣಾಮ ಬಹಳ ತಗ್ಗುತ್ತದೆ ಎಂದು ಮುಂದಿನ ಮಾದರಿಗಳು ಹೇಳಿವೆ. ಆದರೆ ಅದೆಲ್ಲ ಕಂಪ್ಯೂಟರಿನೊಳಗೆ. ಅಲ್ಲಿ ಎಲ್ಲ ದೇಶಗಳೂ ಒಂದೇ ಕೈಯ ಮಾತು ಕೇಳುತ್ತವೆ.

ಇನ್ನೊಂದು ತೊಡಕನ್ನು ಜನ ಅಷ್ಟಾಗಿ ಗಮನಿಸುವುದಿಲ್ಲ. ಗಂಧಕ ಬಿಡಲು ಶುರು ಮಾಡಿದ ಮೂರನೇ ವರ್ಷ ಒಂದು ದೇಶದಲ್ಲಿ ಭೀಕರ ಬರ ಬಂತು ಅನ್ನಿ. ಗಂಧಕದಿಂದಲೋ, ಹೇಗೂ ಬರುತ್ತಿತ್ತೋ? ಹೇಳುವುದು ಬಲು ಕಷ್ಟ. ಪಿನಾಟುಬೋ ಸಮಯದಲ್ಲೇ ಎಲ್ ನಿನೋ ಕೂಡ ಇತ್ತು, ಅದೂ ಮಳೆಯನ್ನು ಏರುಪೇರು ಮಾಡುತ್ತದೆ. ಎರಡರ ಪಾಲನ್ನು ಬೇರ್ಪಡಿಸಲು ದಶಕಗಳ ದಾಖಲೆ ಮುಂದಿಟ್ಟುಕೊಂಡು ಲೆಕ್ಕ ಹಾಕಬೇಕಾಯಿತು. ಒಂದು ವರ್ಷದ ಒಂದು ಬರದ ಬಗ್ಗೆ ಖಚಿತ ಉತ್ತರ ಸಿಗುವ ಹೊತ್ತಿಗೆ ಜನ ಹಸಿದಿರುತ್ತಾರೆ, ಸರ್ಕಾರಗಳು ಪರಸ್ಪರ ದೂರುತ್ತಿರುತ್ತವೆ. ಪರಿಹಾರ ಯಾರು ಕೊಡಬೇಕು, ಅಲ್ವಾ?

ಓಝೋನ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಗಂಧಕಾಮ್ಲದ ಹನಿಗಳ ಮೇಲ್ಮೈಯಲ್ಲಿ ನಡೆಯುವ ಕ್ರಿಯೆಗಳು, ಹಳೆಯ ಫ್ರಿಜ್ ಅನಿಲಗಳಿಂದ ಮೇಲೆ ಉಳಿದಿರುವ ಕ್ಲೋರಿನನ್ನು ಓಝೋನ್ ತಿನ್ನುವ ರೂಪಕ್ಕೆ ತರುತ್ತವೆ. ಪಿನಾಟುಬೋ ನಂತರ ಓಝೋನ್ ಇಳಿದದ್ದನ್ನು ಅಳೆದಿದ್ದಾರೆ. ಕ್ಲೋರಿನ್ ನಿಧಾನವಾಗಿ ಕಮ್ಮಿಯಾಗುತ್ತಿರುವುದರಿಂದ ಈ ಅಪಾಯ ಕಾಲ ಕಳೆದಂತೆ ಸಣ್ಣದಾಗುತ್ತದೆ. ಸಮುದ್ರ ಆಮ್ಲವಾಗುತ್ತಿರುವುದು ಮಾತ್ರ ಇದರಿಂದ ನಿಲ್ಲುವುದಿಲ್ಲ. ಅದಕ್ಕೆ ಕಾರಣ ಬಿಸಿಲಲ್ಲ, ಕಾರ್ಬನ್ ಡೈಆಕ್ಸೈಡ್.

ಕೊನೆಗೆ, ನಿಲ್ಲಿಸುವ ಪ್ರಶ್ನೆ. ಒಂದು ಉದಾಹರಣೆ ನೋಡಿ. ಹೊಗೆ ಬಿಡುವುದು ನಿಲ್ಲಲಿಲ್ಲ, ಗಂಧಕದ ತೆರೆಯಿಂದ 1 ಡಿಗ್ರಿ ಕಾವನ್ನು ಮುಚ್ಚಿಟ್ಟಿದ್ದೇವೆ ಎಂದುಕೊಳ್ಳಿ. ಯುದ್ಧವೋ, ಜಗಳವೋ, ಆರ್ಥಿಕ ಕುಸಿತವೋ ಬಂದು ವಿಮಾನಗಳು ನಿಂತುಬಿಟ್ಟವು. ಎರಡು ವರ್ಷದಲ್ಲಿ ಹನಿಗಳೆಲ್ಲ ಇಳಿದುಹೋಗುತ್ತವೆ. ಕಾರ್ಬನ್ ಡೈಆಕ್ಸೈಡ್ ಎಲ್ಲೂ ಹೋಗಿಲ್ಲ, ಅದರ ದೊಡ್ಡ ಪಾಲು ಶತಮಾನಗಳ ಕಾಲ ಉಳಿಯುತ್ತದೆ. ಮುಚ್ಚಿಟ್ಟ ಕಾವಿನ ಬಹುಪಾಲು ಒಂದೆರಡು ದಶಕದೊಳಗೆ ಮರಳಿ ಬರುತ್ತದೆ. ಈಗ ಭೂಮಿ ಬಿಸಿಯಾಗುತ್ತಿರುವುದು ದಶಕಕ್ಕೆ ಸುಮಾರು 0.2 ಡಿಗ್ರಿ ವೇಗದಲ್ಲಿ. ಒಂದೇ ದಶಕದಲ್ಲಿ 1 ಡಿಗ್ರಿ ಬಂದರೆ ಅದು ಐದು ಪಟ್ಟು ವೇಗ. ಕಾಡಿನ ಮರಗಳಿಗಾಗಲಿ ಹವಳದ ದಿಬ್ಬಗಳಿಗಾಗಲಿ ಹೊಂದಿಕೊಳ್ಳಲು ಅಷ್ಟು ಕಮ್ಮಿ ಸಮಯ ಸಾಲದು. ವಿಜ್ಞಾನಿಗಳು ಇದನ್ನು ಟರ್ಮಿನೇಷನ್ ಶಾಕ್ ಎನ್ನುತ್ತಾರೆ. ಇದನ್ನು ಅತಿ ಮಾಡಿಯೂ ಹೇಳಬಾರದು. ಕೆಲವು ತಿಂಗಳು ನಿಂತು ಮತ್ತೆ ಶುರುವಾದರೆ ಏನೂ ಆಗದು, ಮೇಲಿನ ಹನಿಗಳು ಅಷ್ಟು ಕಾಲ ತಾಳುತ್ತವೆ. ಮುಚ್ಚಿಟ್ಟ ಕಾವು ಸಣ್ಣದಿದ್ದರೆ ಪೆಟ್ಟೂ ಸಣ್ಣದು. ಅಪಾಯ ಬೆಳೆಯುವುದು ಹೊಗೆ ಇಳಿಸದೆ ತೆರೆಯನ್ನೇ ದಪ್ಪ ಮಾಡುತ್ತ ಹೋದಾಗ. ಆಗ ಇನ್ನೂ ಹುಟ್ಟದ ಮಕ್ಕಳ ಮೇಲೂ ವರ್ಷ ತಪ್ಪದೆ ವಿಮಾನ ಹಾರಿಸುವ ಹೊರೆ ಬೀಳುತ್ತದೆ, ಅವರನ್ನು ಕೇಳದೆ.

ಹಾಗಾದರೆ ಸಂಶೋಧನೆಯೂ ಬೇಡವೇ? ಬೇಕು ಎಂದೇ ನನ್ನ ಅಭಿಪ್ರಾಯ. ನಾಳೆ ಯಾವುದೋ ದೇಶ ಗಾಬರಿಯಲ್ಲಿ ಶುರು ಮಾಡಿದರೆ, ಏನಾಗಬಹುದು ಎಂದು ತಿಳಿದಿರುವುದು ಎಲ್ಲರಿಗೂ ಒಳ್ಳೆಯದು. ಆದರೆ ಹೇಗೆ ನಡೆಸುತ್ತಾರೆ ಎಂಬುದು ಮುಖ್ಯ. ಹಾರ್ವರ್ಡ್ ವಿಶ್ವವಿದ್ಯಾಲಯದ ತಂಡ ಮುಂದೆಂದೋ ಬಲೂನಿನಿಂದ ಗಂಧಕದ ಬದಲು ಹೆಚ್ಚೆಂದರೆ 2 ಕೆಜಿಯಷ್ಟು ಸುಣ್ಣಕಲ್ಲಿನ ಪುಡಿ ಬಿಟ್ಟು ಅಳೆಯುವ ಯೋಜನೆ ಹಾಕಿತ್ತು. 2021ರಲ್ಲಿ ಸ್ವೀಡನ್‌ನ ಕಿರುನಾದಿಂದ ಪುಡಿಯೇ ಇಲ್ಲದೆ, ಬರೀ ಉಪಕರಣ ಪರೀಕ್ಷಿಸಲು ಬಲೂನು ಹಾರಿಸಲು ಹೊರಟಾಗ ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ಪರಿಷತ್ತು ವಿರೋಧಿಸಿತು. ನಮ್ಮನ್ನು ಕೇಳಲೇ ಇಲ್ಲ ಎಂಬುದು ಅವರ ದೂರುಗಳಲ್ಲಿ ಒಂದು. ಹಾರಾಟ ರದ್ದಾಯಿತು, 2024ರಲ್ಲಿ ಯೋಜನೆಯನ್ನೇ ಮುಚ್ಚಿದರು. ಇತ್ತ 2022ರಲ್ಲಿ ಅಮೆರಿಕದ ಒಂದು ಸಣ್ಣ ಕಂಪನಿ ಯಾರ ಅನುಮತಿಯೂ ಇಲ್ಲದೆ ಮೆಕ್ಸಿಕೋದಲ್ಲಿ ಗಂಧಕದ ಅನಿಲ ತುಂಬಿದ ಬಲೂನುಗಳನ್ನು ಹಾರಿಸಿತು. 2023ರ ಜನವರಿಯಲ್ಲಿ ಮೆಕ್ಸಿಕೋ ಸರ್ಕಾರ ಇಂಥ ಪ್ರಯೋಗಗಳನ್ನು ನಿಷೇಧಿಸುವುದಾಗಿ ಹೇಳಿತು. ಮುಂಚಿತವಾಗಿ ತಿಳಿಸಿ, ಅಳತೆಯ ಉಪಕರಣ ಸಿದ್ಧ ಮಾಡಿಕೊಂಡ ಪ್ರಯೋಗ ನಿಂತಿತು. ಯಾರಿಗೂ ಹೇಳದ ಬಲೂನುಗಳು ಹಾರಿದವು. ಇಂಥ ಕೆಲಸಕ್ಕೆ ಅನುಮತಿ ಕೊಡುವ, ಬೇಡ ಎನ್ನುವ ಅಧಿಕಾರ ಇರುವ ಅಂತರರಾಷ್ಟ್ರೀಯ ವ್ಯವಸ್ಥೆ ಇನ್ನೂ ಇಲ್ಲ. 2019ರಲ್ಲಿ ಮತ್ತು 2024ರಲ್ಲಿ ಸ್ವಿಟ್ಜರ್ಲೆಂಡ್ ವಿಶ್ವಸಂಸ್ಥೆಯ ಪರಿಸರ ಸಭೆಯಲ್ಲಿ ಈ ವಿಷಯ ಎತ್ತಿತ್ತು. ಎರಡು ಸಲವೂ ದೇಶಗಳ ನಡುವೆ ಒಮ್ಮತ ಬಾರದೆ ನಿರ್ಣಯ ಹಿಂದಕ್ಕೆ ಹೋಯಿತು.

— ಸಂಪಾದಕ