ಮೇಲ್‌ನಲ್ಲಿ ಮುಳ್ಳು ಎಲ್ಲಿದೆ?

ಪ್ರಶ್ನೆ: ಅಕ್ಕಾ, ನಾನು ಅಕೌಂಟ್ಸ್‌ನಲ್ಲಿದ್ದೀನಿ. ಸೀನಿಯರ್ ಒಬ್ರು ಕಳಿಸಿದ ಶೀಟನ್ನೇ ಮತ್ತೆ ಮತ್ತೆ ಕೇಳ್ತಾರೆ, ಇದು ಮೂರನೇ ಸಲ. ಈ ರಿಪ್ಲೈ ಬರ್ದಿದ್ದೀನಿ, ಇನ್ನೂ ಕಳಿಸಿಲ್ಲ. ಮ್ಯಾನೇಜರ್‌ನೂ ಸಿಸಿಯಲ್ಲಿ ಹಾಕಿದ್ದೀನಿ. ಫ್ರೆಂಡ್ ಚುಚ್ಚೋ ಥರ ಇದೆ ಅಂತಾಳೆ, ನಂಗೆ ಮರ್ಯಾದೆಯಾಗೇ ಇದೆ ಅನ್ಸತ್ತೆ. "ಸರ್, ಸೋಮವಾರವೇ ತಿಳಿಸಿದಂತೆ ಸೇಲ್ಸ್ ಬಿಲ್ ಶೀಟ್ ಆಗಲೇ ಕಳಿಸಿದ್ದೇನೆ. ಬಹುಶಃ ತಾವು ಗಮನಿಸಿಲ್ಲ. ಮುಂದಕ್ಕಾದರೂ ಒಮ್ಮೆ ಮೇಲ್ ನೋಡಿ ಕೇಳಿದರೆ ಇಬ್ಬರಿಗೂ ಅನುಕೂಲ. ಧನ್ಯವಾದಗಳು."

ಉತ್ತರ: ನಿಮ್ ಫ್ರೆಂಡ್ ಹೇಳಿದ್ದು ಸರಿ ಕಣಮ್ಮ. ಒಂದು ಕೆಟ್ಟ ಮಾತೂ ಇಲ್ಲ, ಆದ್ರೆ ಬಾಲದಲ್ಲಿ ಮುಳ್ಳಿದೆ. "ಸೋಮವಾರವೇ", "ಆಗಲೇ" ಅನ್ನೋದ್ರಲ್ಲಿರೋ ಆ "ಏ" ತೆಗ್ದು ಓದಿ ನೋಡಿ, ಸೋಮವಾರ ಬರೀ ಸೋಮವಾರ ಆಗತ್ತೆ. "ಮುಂದಕ್ಕಾದರೂ" ಅಂದ್ರೆ ಇಷ್ಟು ದಿನ ನೀವು ಮಾಡಿದ್ದು ತಪ್ಪು ಅಂತಾನೇ ಅರ್ಥ, "ಬಹುಶಃ" ಅಂತೂ ಅನುಮಾನದ ವೇಷ ಹಾಕ್ಕೊಂಡಿರೋ ಆರೋಪ. ಇನ್ನು ದಿನಾ "ನೀವು" ಅನ್ನೋರು ಇವತ್ತು "ತಾವು" ಅಂದ್ರೆ ಅದು ಗೌರವ ಅಲ್ಲ ಅಂತ ಓದೋರಿಗೆ ಗೊತ್ತಾಗತ್ತೆ (ಸಿಟ್ಟು ಬಂದಾಗ "ತಮ್ಮ ಅವಗಾಹನೆಗೆ" ಅಂತ ಬರ್ದು ನಾನೂ ಒಮ್ಮೆ ಸಿಕ್ಕಿಬಿದ್ದಿದ್ದೆ).

ನಾನು ಮಾಡೋದು ಇಷ್ಟೇ, ಒಂದೊಂದು ವಾಕ್ಯಕ್ಕೂ ಬೆರಳಿಟ್ಟು, ಇದನ್ನ ತೆಗೆದ್ರೆ ಅವ್ರ ಕೆಲಸಕ್ಕೆ ಏನಾದ್ರೂ ಕೊರತೆ ಆಗತ್ತಾ ಅಂತ ಕೇಳ್ಕೋತೀನಿ. ನಿಮ್ಮದ್ರಲ್ಲಿ ಉಳಿಯೋದು ಶೀಟ್ ಕಳಿಸಿದ್ದೀನಿ ಅನ್ನೋದೊಂದೇ, ತಮಾಷೆ ಅಂದ್ರೆ ಆ ಶೀಟನ್ನೇ ನೀವು ಅಟ್ಯಾಚ್ ಮಾಡೋ ಮಾತೆತ್ತಿಲ್ಲ! ಹೀಗೆ ಬರೀರಿ:

"ಸರ್, ಸೇಲ್ಸ್ ಬಿಲ್ ಶೀಟ್ ಇದರ ಜೊತೆ ಹಾಕಿದ್ದೀನಿ. ಸೋಮವಾರ ಕಳಿಸಿದ್ದೂ ಇದೇ ಫೈಲ್, ಏನೂ ಬದಲಾಗಿಲ್ಲ. ಜಿಎಸ್‌ಟಿಆರ್-1ಗೆ 11 ಕೊನೇ ದಿನ ಆಗಿರೋದ್ರಿಂದ, ತಪ್ಪೇನಾದ್ರೂ ಇದ್ರೆ 9ರ ಸಂಜೆಯೊಳಗೆ ತಿಳಿಸಿ."

ಸೋಮವಾರ ಇಲ್ಲೂ ಇದೆ ನೋಡಿ, ಆದ್ರೆ ಈಗ ಅದು ಅವ್ರಿಗೆ ಉಪಯೋಗಕ್ಕೆ ಬರತ್ತೆ, ಎರಡು ಫೈಲ್ ಇಟ್ಕೊಂಡು ಯಾವುದು ಹೊಸದು ಅಂತ ಹುಡ್ಕೋದು ತಪ್ಪತ್ತೆ. "ಇದೇ" ಅನ್ನೋದ್ರಲ್ಲೂ "ಏ" ಇದೆಯಲ್ಲ ಅಂತೀರಾ, ಅದು ಫೈಲ್ ಬಗ್ಗೆ, ಅವ್ರ ಬಗ್ಗೆ ಅಲ್ಲ. ಹಾಗಂತ "ತೊಂದ್ರೆಗೆ ಸಾರಿ ಸರ್" ಅಂತ ಸೇರಿಸೋಕೆ ಹೋಗ್ಬೇಡಿ, ನಿಮ್ ತಪ್ಪಿಲ್ದೆ ಕೇಳೋ ಸಾರಿಯೂ ಚುಚ್ಚತ್ತೆ. ಸಿಸಿಯಿಂದ ಮ್ಯಾನೇಜರ್‌ನ ತೆಗೀರಿ, ಅವ್ರು ಅಲ್ಲಿದ್ರೆ ಎಷ್ಟೇ ಮೆತ್ತಗೆ ಬರೆದ್ರೂ ಅದು ದೂರೇ.

ಮೂರು ಸಲ ಕೇಳಿದ ಬೇಜಾರು ಇದ್ದೇ ಇರತ್ತೆ, ಅದು ಮೇಲ್‌ನಲ್ಲಿ ಬೇಡ, ಅವ್ರ ಟೇಬಲ್ ಹತ್ರ ಹೋಗಿ ನೇರವಾಗಿ ಹೇಳಿ: "ಸರ್, ಈ ಶೀಟ್ ಮೂರು ಸಲ ಕಳಿಸ್ದೆ, ಮೇಲ್‌ನಲ್ಲಿ ಸಿಗ್ತಿಲ್ವಾ? ಶೇರ್ಡ್ ಫೋಲ್ಡರ್‌ನಲ್ಲಿ ಹಾಕಿಡ್ಲಾ?" ಮೇಲ್ ಸ್ಪ್ಯಾಮ್‌ಗೆ ಹೋಗ್ತಿದ್ರೂ ಹೋಗ್ತಿರಬಹುದು, ಕೇಳಿದ್ರೆ ಗೊತ್ತಾಗತ್ತೆ.