[6, 1] ಎಂಬ ಉತ್ತರ ಎಲ್ಲಿಂದ ಬಂತು?

ಪ್ರಶ್ನೆ: ನನ್ನ ಮಗಳು ಡೊಂಬಿವಲಿಯಲ್ಲಿ ಹನ್ನೊಂದನೆಯ ತರಗತಿಯಲ್ಲಿ ಓದುತ್ತಿದ್ದಾಳೆ. |7 − 2x| ≥ 5 ಎಂಬ ಲೆಕ್ಕಕ್ಕೆ ಅವಳು −5 ≥ 7 − 2x ≥ 5 ಎಂದು ಬರೆದು, ಕೊನೆಗೆ [6, 1] ಎಂಬ ಉತ್ತರ ತಂದಳು. ಪುಸ್ತಕದಲ್ಲಿ (−∞, 1] ∪ [6, ∞) ಎಂದಿದೆ. ಅಂಕಿಗಳು ಅವೇ ಆಗಿರುವುದರಿಂದ ತಪ್ಪು ಎಲ್ಲಿದೆ ಎಂದು ಅವಳಿಗೂ ತಿಳಿಯುತ್ತಿಲ್ಲ, ಊರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ನನಗೂ ತಿಳಿಯುತ್ತಿಲ್ಲ. — ಒಬ್ಬ ತಾಯಿ, ಡೊಂಬಿವಲಿ

ಉತ್ತರ: ತಪ್ಪಿರುವುದು ಮೊದಲ ಸಾಲಿನಲ್ಲಿಯೇ. ಆಮೇಲಿನ ಕೂಡು, ಕಳೆ, ಭಾಗಾಕಾರವನ್ನೆಲ್ಲ ನಿಮ್ಮ ಮಗಳು ಸರಿಯಾಗಿಯೇ ಮಾಡಿದ್ದಾಳೆ. ಋಣ ಸಂಖ್ಯೆಯಿಂದ ಭಾಗಿಸುವಾಗ ಚಿಹ್ನೆಯನ್ನು ತಿರುಗಿಸುವುದನ್ನೂ ಮರೆತಿಲ್ಲ. ಹಾಗಾಗಿ ತಿದ್ದಬೇಕಾದದ್ದು ಒಂದೇ ಒಂದು ಜಾಗ.

−5 ≥ 7 − 2x ≥ 5 ಎಂಬ ಸಾಲಿನ ನಡುವಿನ ಭಾಗವನ್ನು ಬೆರಳಿನಿಂದ ಮುಚ್ಚಿ ಓದಲು ಹೇಳಿ. ಉಳಿಯುವುದು −5 ≥ 5. ಋಣ ಐದು, ಐದಕ್ಕಿಂತ ದೊಡ್ಡದೆಂದೋ ಸಮವೆಂದೋ ಆಯಿತು! ಒಂದೇ ಸರಪಳಿಯಲ್ಲಿ ಎರಡು ಅಸಮತೆಗಳನ್ನು ಬರೆದರೆ ಎರಡೂ ಒಟ್ಟಿಗೆ ನಿಜವಾಗಬೇಕು, ಅಂದರೆ ನಡುವೆ ‘ಮತ್ತು’ ಇದೆ ಎಂದರ್ಥ. ಈ ಲೆಕ್ಕಕ್ಕೆ ಬೇಕಾದದ್ದು ‘ಅಥವಾ’. ‘ಮತ್ತು’, ‘ಅಥವಾ’ಗಳ ನಡುವಿನ ಈ ಗೊಂದಲ ನನ್ನ ತರಗತಿಯಲ್ಲಿ ಪ್ರತಿ ವರ್ಷ ಕಾಣಿಸುತ್ತದೆ. ನಿಯಮವನ್ನು ಬಾಯಿಪಾಠ ಮಾಡಿಸಿದರೆ ಅದು ಹೋಗುವುದಿಲ್ಲ. ದೂರದ ಲೆಕ್ಕವಾಗಿ ನೋಡಿದಾಗ ಮಾತ್ರ ಹೋಗುತ್ತದೆ.

ನೀವು ದಿನವೂ ಓಡಾಡುವ ಸೆಂಟ್ರಲ್ ರೈಲು ಮಾರ್ಗವನ್ನೇ ಸಂಖ್ಯಾರೇಖೆ ಎಂದುಕೊಳ್ಳಿ. ಸಿಎಸ್‌ಎಂಟಿ ಸೊನ್ನೆ. ಅಲ್ಲಿಂದ ಥಾಣೆ ಸುಮಾರು 34 ಕಿಲೋಮೀಟರ್, ಡೊಂಬಿವಲಿ ಸುಮಾರು 48. ನೀವು ಥಾಣೆಯಲ್ಲಿ ನಿಂತಿದ್ದರೆ x ಎಂಬಲ್ಲಿರುವ ಊರು ನಿಮ್ಮಿಂದ |x − 34| ಕಿಲೋಮೀಟರ್ ದೂರ. ಆ ಊರು ಮುಂಬಯಿಯ ಕಡೆಗಿರಲಿ, ಕಲ್ಯಾಣದ ಕಡೆಗಿರಲಿ, ದೂರಕ್ಕೆ ಋಣ ಚಿಹ್ನೆ ಇಲ್ಲ. ಮಾಡ್ಯುಲಸ್ ಎಂದು ತರಗತಿಯಲ್ಲಿ ಹೇಳುವ ನಿರಪೇಕ್ಷ ಮೌಲ್ಯ ಎಂದರೆ ಇಷ್ಟೇ.

ಈಗ ಕೇಳಿ: ಥಾಣೆಯಿಂದ 14 ಕಿಲೋಮೀಟರ್ ಒಳಗಿನ ಜಾಗ ಯಾವುದು? |x − 34| ≤ 14. ಉತ್ತರ 20ರಿಂದ 48ರವರೆಗಿನ ಒಂದೇ ಅಖಂಡ ತುಂಡು, [20, 48]. ಇಲ್ಲಿ 20 ≤ x ≤ 48 ಎಂಬ ಸರಪಳಿ ಸರಿ, ಏಕೆಂದರೆ ಒಳಗಿರುವವರು 20ನ್ನು ದಾಟಿಯೂ ಇರಬೇಕು, 48ನ್ನು ಮೀರದೆಯೂ ಇರಬೇಕು. 14 ಕಿಲೋಮೀಟರ್ ಅಥವಾ ಅದಕ್ಕಿಂತ ದೂರದ ಜಾಗ ಯಾವುದು? ಅದು ಎರಡು ತುಂಡು. ದಾದರ್ ಒಂದು ಕಡೆಗೆ, ಕಲ್ಯಾಣ ಇನ್ನೊಂದು ಕಡೆಗೆ. ಒಬ್ಬರೇ ಒಂದೇ ಹೊತ್ತಿನಲ್ಲಿ ದಾದರಿನಲ್ಲೂ ಕಲ್ಯಾಣದಲ್ಲೂ ನಿಲ್ಲಲು ಸಾಧ್ಯವಿಲ್ಲವಾದ್ದರಿಂದ ಇಲ್ಲಿ ‘ಮತ್ತು’ ಎಂದರೆ ಯಾರೂ ಉಳಿಯುವುದಿಲ್ಲ. x ≤ 20 ಅಥವಾ x ≥ 48 ಎಂದೇ ಬರೆಯಬೇಕು.

ಮಗಳ ಲೆಕ್ಕಕ್ಕೆ ಬರೋಣ. |7 − 2x| ಕನಿಷ್ಠ 5 ಆಗಬೇಕಾದರೆ ಒಳಗಿನ 7 − 2x ಸೊನ್ನೆಯಿಂದ ಐದು ಹೆಜ್ಜೆ ಅಥವಾ ಹೆಚ್ಚು ದೂರದಲ್ಲಿರಬೇಕು. ಬಲಕ್ಕೆ ಹೋದರೆ 7 − 2x ≥ 5. ಏಳನ್ನು ಕಳೆದಾಗ −2x ≥ −2, −2ರಿಂದ ಭಾಗಿಸಿದಾಗ ಚಿಹ್ನೆ ತಿರುಗಿ x ≤ 1. ಎಡಕ್ಕೆ ಹೋದರೆ 7 − 2x ≤ −5. ಆಗ −2x ≤ −12, x ≥ 6. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬಿಡಿಸಿ, ನಡುವೆ ‘ಅಥವಾ’ ಎಂದು ಅಕ್ಷರದಲ್ಲೇ ಬರೆಯುವ ಅಭ್ಯಾಸ ಮಾಡಿಸಿ. ಆ ‘ಅಥವಾ’ ಇಂಟರ್‌ವಲ್ ರೂಪದಲ್ಲಿ ∪ ಆಗುತ್ತದೆ, ಅಂದರೆ ಗಣಗಳ ಸಂಯೋಗ: (−∞, 1] ∪ [6, ∞).

ಕಂಸಗಳ ಬಗ್ಗೆ ಒಂದು ಮಾತು. x = 1 ಆದಾಗ |7 − 2| = 5. x = 6 ಆದಾಗ |7 − 12| = |−5|, ಅದೂ 5. ‘ಸಮ’ಕ್ಕೆ ಅನುಮತಿ ಇರುವುದರಿಂದ ಎರಡೂ ತುದಿಗಳು ಉತ್ತರದ ಒಳಗಿವೆ, ಚೌಕ ಕಂಸ ಹಾಕಬೇಕು. ಲೆಕ್ಕದಲ್ಲಿ ≥ ಬದಲು > ಇದ್ದಿದ್ದರೆ ಆ ಎರಡು ಅಂಕಿಗಳು ಹೊರಗುಳಿದು (−∞, 1) ∪ (6, ∞) ಆಗುತ್ತಿತ್ತು. ∞ ಪಕ್ಕದಲ್ಲಿ ಮಾತ್ರ ಯಾವಾಗಲೂ ದುಂಡು ಕಂಸವೇ, ಏಕೆಂದರೆ ಅದು ತಲುಪಿ ನಿಲ್ಲಬಹುದಾದ ಸಂಖ್ಯೆಯಲ್ಲ.

ಈ ಲೆಕ್ಕವನ್ನು ತಾಳೆ ನೋಡುವುದಕ್ಕೂ ದೂರವೇ ಸಾಕು. |7 − 2x| ಮತ್ತು |2x − 7| ಒಂದೇ, ಹೋಗಿಬರುವ ದೂರ ಒಂದೇ ಇದ್ದ ಹಾಗೆ. ಎರಡನ್ನು ಹೊರತೆಗೆದರೆ 2|x − 3.5| ≥ 5, ಅಂದರೆ |x − 3.5| ≥ 2.5. ಮೂರೂವರೆಯಲ್ಲಿ ನಿಂತು ಎರಡೂವರೆ ಹೆಜ್ಜೆ ಎಡಕ್ಕೆ ಇಟ್ಟರೆ 1, ಬಲಕ್ಕೆ ಇಟ್ಟರೆ 6. ಋಣ ಸಂಖ್ಯೆಯಿಂದ ಭಾಗಿಸುವ ಕೆಲಸವೂ ತಪ್ಪಿತು. ನನ್ನ ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳಿಕೊಡುವ ದಾರಿ ಇದೇ.

ಇನ್ನು [6, 1]. ಇಂಟರ್‌ವಲ್ ಬರೆಯುವಾಗ ಎಡದ ಅಂಕಿ ಬಲದ ಅಂಕಿಗಿಂತ ಚಿಕ್ಕದಿರಬೇಕು. 6ಕ್ಕಿಂತ ಕಡಿಮೆಯಲ್ಲದ, 1ಕ್ಕಿಂತ ಹೆಚ್ಚಲ್ಲದ ಸಂಖ್ಯೆ ಯಾವುದೂ ಇಲ್ಲವಾದ್ದರಿಂದ ಅವಳು ಬರೆದದ್ದು ಶೂನ್ಯ ಗಣ. ಆದರೂ ಅವಳು ಅದನ್ನು ಇದ್ದ ಹಾಗೆಯೇ ಬಿಟ್ಟದ್ದು ನನಗೆ ಹಿಡಿಸಿತು. ಎಷ್ಟೋ ಮಕ್ಕಳು ‘ಏನೋ ತಲೆಕೆಳಗಾಗಿದೆ’ ಎಂದುಕೊಂಡು ಅಂಕಿಗಳನ್ನು ಅದಲುಬದಲು ಮಾಡಿ [1, 6] ಎಂದು ಬರೆದುಬಿಡುತ್ತಾರೆ. ಅದು ನೋಡಲು ಚೆನ್ನಾಗಿದೆ, ಆದರೆ ಬೇಡವಾದ ಮಧ್ಯದ ತುಂಡನ್ನೇ ಹಿಡಿದುಕೊಳ್ಳುತ್ತದೆ. ನಡುವಿನ 3ನ್ನು ಮೂಲ ಲೆಕ್ಕದಲ್ಲಿಟ್ಟು ನೋಡಿದರೆ |7 − 6| = 1, ಐದಕ್ಕೆ ಸಾಲದು. ಹೊರಗಿನ 0 ಇಟ್ಟರೆ 7, ಅದು ಸಾಕು. ಇಷ್ಟು ಪರೀಕ್ಷೆಗೆ ಅರ್ಧ ನಿಮಿಷವೂ ಬೇಡ.

ಮಗಳಿಗೆ ಇದನ್ನೂ ತೋರಿಸಿ. |7 − 2x| ≤ −5 ಎಂಬ ಬೇರೊಂದು ಲೆಕ್ಕವನ್ನು ‘ಕಡಿಮೆ’ಯ ನಿಯಮದಂತೆ ಬಿಡಿಸಿದರೆ 5 ≤ 7 − 2x ≤ −5 ಎಂದು ಬರುತ್ತದೆ. ಅವಳ ಸರಪಳಿಯನ್ನು ಬಲದಿಂದ ಎಡಕ್ಕೆ ಓದಿದರೂ ಅದೇ. ಅಂದರೆ ಆ ಸಾಲು ಕೇಳುತ್ತಿದ್ದುದು ‘ಯಾವ x ಇಟ್ಟರೆ ದೂರ ಋಣ ಐದು ಅಥವಾ ಅದಕ್ಕಿಂತ ಕಡಿಮೆಯಾಗುತ್ತದೆ?’ ಎಂದು. ಅಂಥ x ಇಲ್ಲ. ಬೇರೆಯದೊಂದು ಪ್ರಶ್ನೆಗೆ ಅವಳ [6, 1] ಸರಿಯಾದ ಉತ್ತರವನ್ನೇ ಕೊಟ್ಟಿತ್ತು.