ಕರ್ವ್‌ನ ಬುಡ ನೋಡಿ ಇನ್ಹಿಬಿಟರ್‌ನ ಜಾತಿ ಹೇಳಬೇಡಿ

ಪ್ರಶ್ನೆ: ಎಂ.ಎಸ್ಸಿ ಬಯೋಕೆಮಿಸ್ಟ್ರಿ ಪ್ರಾಜೆಕ್ಟ್ ಮಾಡ್ತಿದ್ದೀನಿ. ನನ್ನ ಇನ್ಹಿಬಿಟರ್ ಕಾಂಪಿಟಿಟಿವ್ವೋ ನಾನ್‌ಕಾಂಪಿಟಿಟಿವ್ವೋ ಅಂತ ಗುರುತಿಸೋಕೆ ಮಾಮೂಲಿ ಕರ್ವ್ ಒಳ್ಳೇದಾ, ಲೈನ್‌ವೀವರ್-ಬರ್ಕ್ ಗ್ರಾಫ್ ಒಳ್ಳೇದಾ? ಸಬ್‌ಸ್ಟ್ರೇಟ್ ಸ್ವಲ್ಪವೇ ಇದೆ.

ನಿಮ್ಮ ಕೊನೆಯ ವಾಕ್ಯ ಓದಿ ಎದೆ ಧಸಕ್ ಎಂದಿತು. ನನ್ನದೂ ಅದೇ ಕಥೆ.

ಮೈಸೂರಿನಲ್ಲಿ ಎಂ.ಎಸ್ಸಿ ಮಾಡುವಾಗ ನನ್ನ ಪ್ರಾಜೆಕ್ಟ್ ಹೆಸರುಕಾಳಿನ ಮೊಳಕೆಯ ಆ್ಯಸಿಡ್ ಫಾಸ್ಫಟೇಸ್ ಮೇಲೆ. ಮಂಡ್ಯದ ನಮ್ಮ ಮನೆಯಲ್ಲೇ ಕಾಳು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಡಬ್ಬಿಯಲ್ಲಿ ಹಾಕಿಕೊಂಡು ಬೆಳಗಿನ ರೈಲು ಹತ್ತುತ್ತಿದ್ದೆ. ಲ್ಯಾಬಿನಲ್ಲಿ ಅದನ್ನು ತಣ್ಣನೆಯ ಅಸಿಟೇಟ್ ಬಫರ್‌ನಲ್ಲಿ ಅರೆದು ಸೋಸಿದರೆ ಎಂಜೈಮ್ ಸಿದ್ಧ. ಸಬ್‌ಸ್ಟ್ರೇಟ್ ಪ್ಯಾರಾ-ನೈಟ್ರೋಫಿನೈಲ್ ಫಾಸ್ಫೇಟ್. ಎಂಜೈಮ್ ಅದರಿಂದ ಫಾಸ್ಫೇಟನ್ನು ಕತ್ತರಿಸುತ್ತದೆ. ಆಮೇಲೆ ಸೋಡಿಯಂ ಹೈಡ್ರಾಕ್ಸೈಡ್ ಹಾಕಿದರೆ ಕ್ರಿಯೆ ನಿಲ್ಲುತ್ತದೆ, ಹಳದಿ ಬಣ್ಣವೂ ಬರುತ್ತದೆ. ಅದನ್ನು 405 ನ್ಯಾನೋಮೀಟರ್‌ನಲ್ಲಿ ಓದಬೇಕು. ನಾನು ಹಾಕಿದ ಇನ್ಹಿಬಿಟರ್ ಮಾಮೂಲಿ ಅಜೈವಿಕ ಫಾಸ್ಫೇಟ್. (ಈ ಎಂಜೈಮಿಗೆ ಫಾಸ್ಫೇಟ್ ಬಫರ್ ಮಾತ್ರ ಬಳಸಬೇಡಿ. ಬಫರೇ ಇನ್ಹಿಬಿಟರ್ ಆಗಿಬಿಡುತ್ತದೆ.)

ನಮ್ಮ ಬಾಟಲಿಯಲ್ಲಿ ಸಬ್‌ಸ್ಟ್ರೇಟ್ ತಳದಲ್ಲಿ ಚೂರು ಇತ್ತು. ಹೊಸದು ಬರಲು ತಿಂಗಳು ಆಗುತ್ತೆ ಅಂದರು. ಅದಕ್ಕೇ ಉಳಿಸಿ ಉಳಿಸಿ ಬಳಸಿದೆ. 0.1, 0.2, 0.3 ಮಿಲಿಮೋಲಾರ್. ಅಷ್ಟಕ್ಕೇ ನಿಲ್ಲಿಸಿದೆ. ನಾನು ಮಾಡಿದ ತಪ್ಪು ಇದೊಂದೇ. ಇದನ್ನು ಬಿಡಿಸಿ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಸೂತ್ರ ನಿಮಗೆ ಗೊತ್ತು:

```
v = Vmax [S] / (Km + [S])
```

ಕಾಂಪಿಟಿಟಿವ್ ಇನ್ಹಿಬಿಟರ್ ಸಬ್‌ಸ್ಟ್ರೇಟ್ ಕೂರುವ ಜಾಗದಲ್ಲೇ ಬಂದು ಕೂರುತ್ತದೆ. ಆಗ ಕೆಎಂ ಹೆಚ್ಚಿದಂತೆ ಕಾಣುತ್ತದೆ, ವಿಮ್ಯಾಕ್ಸ್ ಹಾಗೇ ಇರುತ್ತದೆ. ನಾನ್‌ಕಾಂಪಿಟಿಟಿವ್ ಬೇರೆ ಕಡೆ ಅಂಟಿಕೊಂಡು ಎಂಜೈಮಿನ ಕೆಲಸವನ್ನೇ ನಿಲ್ಲಿಸುತ್ತದೆ. ಆಗ ವಿಮ್ಯಾಕ್ಸ್ ಇಳಿಯುತ್ತದೆ, ಕೆಎಂ ಹಾಗೇ ಇರುತ್ತದೆ. ಇದು ಎಲ್ಲರಿಗೂ ಬಾಯಿಪಾಠ. ಈಗ ಸಬ್‌ಸ್ಟ್ರೇಟ್ ಕೆಎಂಗಿಂತ ತುಂಬಾ ಕಡಿಮೆ ಇದ್ದರೆ ಏನಾಗುತ್ತೆ ನೋಡಿ. ಕೆಳಗಿನ ಕೂಡಿಕೆಯಲ್ಲಿ ಸಬ್‌ಸ್ಟ್ರೇಟ್ ಲೆಕ್ಕಕ್ಕೇ ಬರುವುದಿಲ್ಲ. ಉಳಿಯುವುದು ಇಷ್ಟು:

```
v ≈ (Vmax / Km) [S]
```

ಕೆಎಂ ಮೂರು ಪಟ್ಟಾದರೂ ಈ ಭಾಗಲಬ್ಧ ಮೂರನೇ ಒಂದಾಗುತ್ತದೆ. ವಿಮ್ಯಾಕ್ಸ್ ಮೂರನೇ ಒಂದಾದರೂ ಅಷ್ಟೇ ಆಗುತ್ತದೆ. ಅಂದರೆ ಕರ್ವ್‌ನ ಬುಡದಲ್ಲಿ ಎರಡೂ ಇನ್ಹಿಬಿಟರ್‌ಗಳು ಹೆಚ್ಚುಕಮ್ಮಿ ಒಂದೇ ಗೆರೆ ಎಳೆಯುತ್ತವೆ. ಅವು ದಾರಿ ಬೇರೆ ಮಾಡಿಕೊಳ್ಳುವುದು ಮೇಲೆ ಹೋದಮೇಲೆ. ನಾನು ಮೇಲಕ್ಕೆ ಹೋಗಲೇ ಇಲ್ಲ.

ಲೆಕ್ಕ ಹಾಕಿ ತೋರಿಸುತ್ತೇನೆ. ವೇಗದ ಏಕಮಾನ ಬಿಟ್ಟು ಬರೆಯುತ್ತೇನೆ, ಅಂಕಿಗಳನ್ನೂ ಸ್ವಲ್ಪ ದುಂಡಗೆ ಮಾಡಿದ್ದೇನೆ. ಇನ್ಹಿಬಿಟರ್ ಇಲ್ಲದಾಗ ವಿಮ್ಯಾಕ್ಸ್ 60, ಕೆಎಂ 0.5 ಅಂದುಕೊಳ್ಳಿ. 0.1 ಸಬ್‌ಸ್ಟ್ರೇಟಿಗೆ ವೇಗ 10. ಕೆಎಂ ಅನ್ನು 1.5 ಮಾಡುವ ಕಾಂಪಿಟಿಟಿವ್ ಹಾಕಿದರೆ ವೇಗ 3.75. ವಿಮ್ಯಾಕ್ಸ್ ಅನ್ನು 20ಕ್ಕೆ ಇಳಿಸುವ ನಾನ್‌ಕಾಂಪಿಟಿಟಿವ್ ಹಾಕಿದರೆ 3.3. ನನ್ನ ಪಿಪೆಟ್ ಕೈಯ ನಡುಕದಲ್ಲೇ ಈ ವ್ಯತ್ಯಾಸ ಮುಚ್ಚಿಹೋಗುತ್ತದೆ. ಅದೇ 5 ಮಿಲಿಮೋಲಾರ್‌ಗೆ ಹೋಗಿ. ಇನ್ಹಿಬಿಟರ್ ಇಲ್ಲದೆ 54.5, ಕಾಂಪಿಟಿಟಿವ್ ಇದ್ದರೆ 46, ನಾನ್‌ಕಾಂಪಿಟಿಟಿವ್ ಇದ್ದರೆ 18. ಇದನ್ನು ಯಾರು ಬೇಕಾದರೂ ಬೇರೆ ಮಾಡಿ ಹೇಳಬಹುದು, ಅಲ್ವಾ?

ಲೈನ್‌ವೀವರ್-ಬರ್ಕ್ ನನ್ನನ್ನು ಕಾಪಾಡುತ್ತೆ ಅಂದುಕೊಂಡಿದ್ದೆ. ಅದೇ ಮುಳುಗಿಸಿದ್ದು. ಅಲ್ಲಿ ಎರಡೂ ಅಕ್ಷದಲ್ಲಿ ತಲೆಕೆಳಗು ಮಾಡಿದ ಅಂಕಿ. 0.1 ಅಂದರೆ 10, 0.3 ಅಂದರೆ 3.3. ನನ್ನ ಬಿಂದುಗಳೆಲ್ಲ ಬಲಗಡೆ ದೂರದಲ್ಲಿ. ವಿಮ್ಯಾಕ್ಸ್ ಸಿಗುವುದು ಗೆರೆ ಎಡಕ್ಕೆ ಬಂದು ನಿಂತ ಅಕ್ಷವನ್ನು ಮುಟ್ಟುವ ಕಡೆ. ಮಧ್ಯೆ ಒಂದು ಬಿಂದುವೂ ಇಲ್ಲ, ಸ್ಕೇಲ್ ಇಟ್ಟು ಸುಮ್ನೆ ಎಳೆದದ್ದು. ಇನ್ಹಿಬಿಟರ್ ಇದ್ದಾಗ 0.3ರ ಟ್ಯೂಬಿನಲ್ಲಿ ವೇಗ 10 ಬರಬೇಕಿತ್ತು, ನನಗೆ 9 ಬಂತು. ಅಷ್ಟೇ. ಎರಡು ತುದಿಯ ಬಿಂದುಗಳನ್ನು ಸೇರಿಸಿ ಎಳೆದ ಗೆರೆ ವಿಮ್ಯಾಕ್ಸ್ 60ರ ಬದಲು 30 ಅಂತ ಹೇಳಿತು. ಕೆಎಂ 1.5 ಇರಬೇಕಾದ್ದು 0.7 ಅಂತ ಬಂತು. ವಿಮ್ಯಾಕ್ಸ್ ಅರ್ಧ, ಕೆಎಂ ಹೆಚ್ಚುಕಮ್ಮಿ ಅದೇ. ಇನ್ನೇನು ಬೇಕು, ನಾನ್‌ಕಾಂಪಿಟಿಟಿವ್ ಅಂತ ದಪ್ಪ ಅಕ್ಷರದಲ್ಲಿ ಬರೆದು ಬೈಂಡ್ ಮಾಡಿಸಿದೆ.

ವೈವಾದಲ್ಲಿ ಹೊರಗಿನಿಂದ ಬಂದಿದ್ದ ಎಕ್ಸಾಮಿನರ್ ಗ್ರಾಫ್ ನೋಡಿ ಕೇಳಿದ್ದು ಎರಡೇ ಪ್ರಶ್ನೆ. "ಏನಮ್ಮ, ಸಬ್‌ಸ್ಟ್ರೇಟ್ ಎಲ್ಲಿಗೆ ನಿಲ್ಲಿಸಿದೆ?" 0.3 ಸಾರ್ ಅಂದೆ. "ಕೆಎಂ ಎಷ್ಟು?" 0.5 ಅಂದೆ. ಅವರು ಏನೂ ಹೇಳದೆ ಪುಸ್ತಕ ಮುಚ್ಚಿದರು. ಹೇಳುತ್ತಿದ್ದಂತೆ ನನಗೂ ಅರ್ಥ ಆಗಿತ್ತು. ಕೆಎಂ ದಾಟದೆ ವಿಮ್ಯಾಕ್ಸ್ ಬಗ್ಗೆ ಮಾತಾಡಿದ್ದೆ. ಪ್ರಾಜೆಕ್ಟ್ ಮತ್ತೆ ಮಾಡಬೇಕಾಯಿತು. ರಿಸಲ್ಟ್ ತಡವಾಗಿ ಕೈಯಲ್ಲಿದ್ದ ಒಂದು ಕೆಲಸ ಹೋಯಿತು.

ಆ ವಾರ ಊರಲ್ಲಿ ಚಿಕ್ಕಪ್ಪನ ಆಲೆಮನೆಯಲ್ಲಿ ಕೂತಿದ್ದಾಗ ಎರಡೂ ನನಗೆ ಕಣ್ಣೆದುರು ಕಂಡವು. ಕಬ್ಬಿನ ಜೊತೆ ಜೋಳದ ದಂಟು ಸೇರಿ ಬಂದರೆ ದಂಟೂ ಗಾಣದ ಬಾಯಲ್ಲಿ ಹೋಗಿ ಕೂರುತ್ತದೆ. ಆದರೆ ಕಬ್ಬನ್ನು ರಾಶಿ ರಾಶಿ ಸುರಿದರೆ ಬಾಯಿಗೆ ಸಿಗುವುದೆಲ್ಲ ಕಬ್ಬೇ. ಹಾಲು ಮೊದಲಿನಷ್ಟೇ ಇಳಿಯುತ್ತದೆ. ಇದು ಕಾಂಪಿಟಿಟಿವ್. ಮೂರು ಗಾಣದಲ್ಲಿ ಎರಡರ ಬೆಲ್ಟ್ ಕಿತ್ತುಹೋದರೆ ಕಬ್ಬು ಬೆಟ್ಟದಷ್ಟು ಸುರಿದರೂ ಒಂದು ಗಾಣದ ಹಾಲೇ. ಇದು ನಾನ್‌ಕಾಂಪಿಟಿಟಿವ್. ಎರಡನ್ನೂ ಬೇರೆ ಮಾಡಲು ಕಬ್ಬು ರಾಶಿ ಸುರಿದು ನೋಡಲೇಬೇಕು.

ಹಾಗಾಗಿ ಯಾವ ಗ್ರಾಫ್ ಅನ್ನುವ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣುತ್ತಿಲ್ಲ. ಕೆಎಂನ ಎರಡೂ ಕಡೆ ಬಿಂದುಗಳಿದ್ದರೆ ಯಾವ ಗ್ರಾಫೂ ನಿಜ ಹೇಳುತ್ತದೆ. ಇಲ್ಲದಿದ್ದರೆ ಯಾವುದೂ ಹೇಳುವುದಿಲ್ಲ. ಮೊದಲು ಇನ್ಹಿಬಿಟರ್ ಇಲ್ಲದೆ ಕೆಎಂ ಸುಮಾರಾಗಿ ತಿಳಿದುಕೊಳ್ಳಿ. ಆಮೇಲೆ ಅದರ ಐದನೇ ಒಂದು ಭಾಗದಿಂದ ಹತ್ತು ಪಟ್ಟಿನವರೆಗೆ ಹೋಗಿ. ವಿಮ್ಯಾಕ್ಸ್, ಕೆಎಂ ಅಂಕಿಗಳನ್ನು ಕಂಪ್ಯೂಟರಿನಲ್ಲಿ ಮೂಲ ಸೂತ್ರಕ್ಕೇ ಕರ್ವ್ ಹೊಂದಿಸಿ ತೆಗೆಯಿರಿ. ಲೈನ್‌ವೀವರ್-ಬರ್ಕ್ ಕಣ್ಣಿಗೆ ತೋರಿಸಲು ಮಾತ್ರ ಇರಲಿ. ಗೆರೆಗಳು ನಿಂತ ಅಕ್ಷದ ಮೇಲೇ ಸೇರಿದರೆ ಕಾಂಪಿಟಿಟಿವ್. ಅಡ್ಡ ಅಕ್ಷದ ಮೇಲೆ ಸೇರಿದರೆ ಶುದ್ಧ ನಾನ್‌ಕಾಂಪಿಟಿಟಿವ್, ಅದು ಅಪರೂಪ. ಎರಡೂ ಅಕ್ಷ ಬಿಟ್ಟು ಎಡಗಡೆ ಎಲ್ಲೋ ಸೇರಿದರೆ ಅದು ಮಿಕ್ಸ್ಡ್. ಎಳೆದುತಂದು ಅಕ್ಷಕ್ಕೆ ಅಂಟಿಸಬೇಡಿ.

ಇನ್ನೊಂದು ಮಾತು. ಮೇಲಿನ ತುದಿಯ ಬಿಂದುವನ್ನೇ ವಿಮ್ಯಾಕ್ಸ್ ಅಂತ ಓದಬೇಡಿ. ಮೇಲಿನ ಲೆಕ್ಕದಲ್ಲಿ ಕಾಂಪಿಟಿಟಿವ್‌ಗೆ 5ರಲ್ಲೂ 46 ಮಾತ್ರ ಬಂತು, ನಿಜವಾದದ್ದು 60. ಕರ್ವ್ ಇನ್ನೂ ಏರುತ್ತಿದೆಯಾ, ಚಪ್ಪಟೆ ಆಗಿದೆಯಾ ನೋಡಿ.

ಎರಡನೇ ಸಲ ನಾನು 5 ಮಿಲಿಮೋಲಾರ್‌ವರೆಗೆ ಹೋದೆ. ಅಲ್ಲಿ ಸಬ್‌ಸ್ಟ್ರೇಟಿಗೇ ಸ್ವಲ್ಪ ಹಳದಿ ಇರುತ್ತದೆ, ಅದಕ್ಕೆ ಪ್ರತಿ ಸಬ್‌ಸ್ಟ್ರೇಟ್ ಮಟ್ಟಕ್ಕೂ ಎಂಜೈಮ್ ಕೊನೆಗೆ ಹಾಕಿದ ಬೇರೆ ಬ್ಲ್ಯಾಂಕ್ ಇಟ್ಟೆ. ಫಾಸ್ಫೇಟ್ ಇದ್ದ ಕರ್ವ್ ಮೊದಲು ಕೆಳಗೇ ಹರಿದು, ಆಮೇಲೆ ನಿಧಾನಕ್ಕೆ ಏರಿ, ಇಲ್ಲದ ಕರ್ವ್‌ನ ಹತ್ತಿರಕ್ಕೆ ಬಂತು. ಕಾಂಪಿಟಿಟಿವ್.

ನಿಮ್ಮ ಹತ್ತಿರ ಸಬ್‌ಸ್ಟ್ರೇಟ್ ನಿಜಕ್ಕೂ ಕಡಿಮೆ ಇದ್ದರೆ ಒಟ್ಟು ವಾಲ್ಯೂಮ್ ಕಡಿಮೆ ಮಾಡಿ, ಮೈಕ್ರೋಪ್ಲೇಟ್ ಸಿಗುತ್ತಾ ಕೇಳಿ. ಆಗಲೂ ಸಾಲದಿದ್ದರೆ ಬುಡದ ಟ್ಯೂಬ್‌ಗಳಲ್ಲಿ ಒಂದನ್ನು ಬಿಡಿ. ಮೇಲಿನ ತುದಿಯ ಟ್ಯೂಬ್ ಬಿಡಬೇಡಿ.